ಬರಲಾ, ಬರಲ್ಲ

"ಅಕ್ಕಾ, ಎಚ್‌ಆರ್‌ಗೆ ವಾಟ್ಸಾಪ್ ಮಾಡುವಾಗ ಕನ್ನಡ ಇಂಗ್ಲಿಷ್ ಮಿಕ್ಸ್ ಮಾಡಿದ್ರೆ ಕೇರ್‌ಲೆಸ್ ಅಂದ್ಕೊಳ್ತಾರಾ?"

ಇಲ್ಲ. ಮಂಗಳೂರಿನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಜನರನ್ನು ಆರಿಸುವುದೇ ನನ್ನ ಕೆಲಸ. ಬೆರಕೆ ಭಾಷೆ ಅಂತ ನಾನು ಯಾರನ್ನೂ ಬಿಟ್ಟಿಲ್ಲ. ಆದರೆ ಈ ಪ್ರಶ್ನೆ ಕೇಳುವ ರೀತಿಗೆ ನನಗೆ ಸಿಟ್ಟು ಬರುತ್ತದೆ. ತಪ್ಪು ಮಾಡಿದವರ ಹಾಗೆ ಯಾಕೆ ಕೇಳುತ್ತೀರಿ? ನಾವು ಕಾಸರಗೋಡಿನವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಬೆರೆಸದೆ ಒಂದು ದಿನವೂ ಕಳೆಯುವುದಿಲ್ಲ, ಅಲ್ವಾ?

ಎಡವಟ್ಟಾಗುವುದು ಬೇರೆ ಕಡೆ. ಒಮ್ಮೆ ಒಬ್ಬ ಹುಡುಗಿ ನನಗೆ ಹೀಗೆ ಬರೆದಿದ್ದಳು:

```
Mam nale 10ge barala
```

ನಾನು ಅದನ್ನು "ಬರಲ್ಲ" ಅಂತ ಓದಿದೆ. ಪಟ್ಟಿಯಿಂದ ಅವಳ ಹೆಸರು ತೆಗೆದೆ. ಅವಳು ಕೇಳಿದ್ದು "ಬರಲಾ?" ಅಂತ. ಮರುದಿನ ಮಧ್ಯಾಹ್ನ ಅವಳೇ ಫೋನ್ ಮಾಡಿದಾಗ ಗೊತ್ತಾಯಿತು. ಅಷ್ಟರಲ್ಲಿ ಆ ಹುದ್ದೆಗೆ ಬೇರೆಯವರು ಬಂದಾಗಿತ್ತು. ಇವತ್ತಿಗೂ ಆ ಮೆಸೇಜ್ ನನ್ನನ್ನು ಕಾಡುತ್ತದೆ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಆಗುವುದು ಇದೇ. ದೀರ್ಘ, ಒತ್ತಕ್ಷರ ಎರಡೂ ಬೆರಳಿನಿಂದ ಜಾರುತ್ತವೆ. ಲ ಮತ್ತು ಳ ಒಂದೇ ಆಗುತ್ತವೆ. `kalisidini` ಅಂದರೆ ಕಳಿಸಿದ್ದೀನಿಯೋ, ಕಲಿಸಿದ್ದೀನಿಯೋ? ಎದುರಿಗಿರುವ ರೆಸ್ಯೂಮೆ ನೋಡಿ ಊಹಿಸಬೇಕು. ಕ್ರಿಯಾಪದವನ್ನು ಕನ್ನಡ ಲಿಪಿಯಲ್ಲಿ, ಕೊನೆಯವರೆಗೆ ಬರೆಯಿರಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇದೆ. "ಅಕ್ಕಾ, ನನ್ನ ಮೆಸೇಜನ್ನು ನೀವು ಮುಂದೆ ಯಾರಿಗೆ ಕಳಿಸುತ್ತೀರಿ?" ಇದನ್ನು ಇದುವರೆಗೆ ಒಬ್ಬರೂ ಕೇಳಿಲ್ಲ. ಎಷ್ಟೋ ಸಲ ನಾನು ಅದನ್ನು ಹಾಗೆಯೇ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡುತ್ತೇನೆ. ಅವರಿಗೆ ಕನ್ನಡ ಬಾರದೇ ಇರಬಹುದು. ಆದ್ದರಿಂದ ಹುದ್ದೆ, ಓದು, ಅನುಭವ, ನೋಟಿಸ್ ಅವಧಿ ಇಷ್ಟನ್ನು ಇಂಗ್ಲಿಷಿನಲ್ಲಿ ಒಂದೇ ಸಾಲಿಗೆ ತನ್ನಿ. ನಮಸ್ಕಾರ, ಕೇಳಿಕೆ, ಧನ್ಯವಾದ ಕನ್ನಡದಲ್ಲಿರಲಿ. ಆಗ ಬೆರಕೆಗೆ ಒಂದು ಕಾರಣ ಇರುತ್ತದೆ. ಓದುವವರಿಗೂ ಅದು ಕಾಣುತ್ತದೆ.

ಹೋದ ವಾರ ಸಂಜೆಯ ರೈಲಿನಲ್ಲಿ ಬದಿಯಡ್ಕದ ಹುಡುಗನೊಬ್ಬ ತನ್ನ ಮೊಬೈಲ್ ತೋರಿಸಿದ. ಬೇರೊಂದು ಆಫೀಸಿಗೆ ಕಳಿಸಲಿಕ್ಕೆ ಬರೆದಿಟ್ಟದ್ದು:

```
Hi mam resume kalisidini nodi confirm madi
```

ಹೆಸರಿಲ್ಲ, ಹುದ್ದೆಯಿಲ್ಲ. "ನೋಡಿ ಕನ್ಫರ್ಮ್ ಮಾಡಿ" ಅಂತ ಬಾಯಲ್ಲಿ ಹೇಳಿದರೆ ದನಿಯಲ್ಲಿ ವಿನಯ ಇರುತ್ತದೆ. ಬರೆದಾಗ ದನಿ ಹೋಗಿ ಆಜ್ಞೆ ಮಾತ್ರ ಉಳಿಯುತ್ತದೆ. "ತಿಳಿಸುತ್ತೀರಾ?" ಅಂದರೆ ಅದೇ ಮಾತು ಕೇಳಿಕೆಯಾಗುತ್ತದೆ. ಉಳ್ಳಾಲ ದಾಟಿದ ಮೇಲೆ ಇಬ್ಬರೂ ಸೇರಿ ತಿದ್ದಲು ಕೂತೆವು. ಉಪ್ಪಳ ಬರುವಷ್ಟರಲ್ಲಿ ಹೀಗಾಯಿತು. ಮೊದಲ ಸಾಲಿನಲ್ಲಿ ಅವನ ಹೆಸರಿತ್ತು, ಇಲ್ಲಿ ಬಿಟ್ಟಿದ್ದೇನೆ.

```
ನಮಸ್ಕಾರ ಮೇಡಂ, ನಾನು ......, ಬದಿಯಡ್ಕ.
Accounts Assistant | B.Com | Tally, 2 years | Notice: 30 days
Resume ಕಳಿಸಿದ್ದೇನೆ. ಇಂಟರ್‌ವ್ಯೂಗೆ ಯಾವಾಗ ಬರಬಹುದು ಅಂತ ತಿಳಿಸುತ್ತೀರಾ?
```

ಹೆಸರು ಮೊದಲ ಸಾಲಿನಲ್ಲೇ ಯಾಕೆ? ಮೊಬೈಲಿನ ನೋಟಿಫಿಕೇಷನ್‌ನಲ್ಲಿ ಮೊದಲು ಕಾಣುವುದು ಆ ಸಾಲು. ನಂಬರ್ ಸೇವ್ ಆಗಿರುವುದಿಲ್ಲ.

ಇನ್ನೊಂದು ಗಮನಿಸಿ. Resume ಇಂಗ್ಲಿಷ್ ಅಕ್ಷರದಲ್ಲಿದೆ, ಇಂಟರ್‌ವ್ಯೂಗೆ ಕನ್ನಡದಲ್ಲಿದೆ. "ರೆಸ್ಯೂಮೆಯನ್ನು ಕಳಿಸಿದ್ದೇನೆ" ಅನ್ನಬೇಕಾಗಿಲ್ಲ, ಕನ್ನಡದಲ್ಲಿ ಅಲ್ಲಿ "ಅನ್ನು" ಬಿಟ್ಟರೂ ನಡೆಯುತ್ತದೆ. ಹಾಗಾಗಿ ಆ ಪದ ಒಂಟಿಯಾಗಿ ನಿಲ್ಲುತ್ತದೆ. "ಇಂಟರ್‌ವ್ಯೂಗೆ" ಅನ್ನುವಲ್ಲಿ "ಗೆ" ಬಿಡಲಿಕ್ಕೆ ಆಗುವುದಿಲ್ಲ. `interviewge` ಅಂತ ಬರೆದರೆ ಕಣ್ಣು ಮುಗ್ಗರಿಸುತ್ತದೆ. ಪ್ರತ್ಯಯ ಅಂಟುವ ಪದ ಕನ್ನಡ ಲಿಪಿಗೆ, ಒಂಟಿ ಪದ ಹಾಗೆಯೇ ಇಂಗ್ಲಿಷಿಗೆ. ನಾನು ಬರೆಯುವಾಗಲೂ ಹೀಗೆಯೇ.

ಇದೆಲ್ಲ ಆಚೆಯವರು ಕನ್ನಡ ಓದುವವರಾದರೆ ಮಾತ್ರ. ಅವರ ಮೊದಲ ಮೆಸೇಜ್ ಪೂರ್ತಿ ಇಂಗ್ಲಿಷಿನಲ್ಲಿ ಬಂದಿದ್ದರೆ ನೀವೂ ಇಂಗ್ಲಿಷಿನಲ್ಲೇ ಬರೆಯಿರಿ. ನಮ್ಮ ಕಡೆ ಹೆಸರು ನೋಡಿ ಭಾಷೆ ಊಹಿಸಬೇಡಿ.

ಕುಂಬಳೆಯಲ್ಲಿ ಇಳಿಯುವ ಮೊದಲು ಆ ಹುಡುಗ ಸೆಂಡ್ ಒತ್ತಿದ. "ಅಕ್ಕಾ, `ok` ಅಂತ ಬಂದ್ರೆ ಏನು ಬರೀಲಿ?" ಅಂತ ಕೇಳಿದ. "ಧನ್ಯವಾದ ಮೇಡಂ ಅಂತ ಬರಿ," ಅಂದೆ. "ಕನ್ನಡದಲ್ಲೇ ಬರಿ."