ಬಾಕಿ ಉಳಿದ ವೇಗ

ಬಿ.ಎಸ್ಸಿ. ಎರಡನೇ ವರ್ಷದಲ್ಲಿ ನಮಗೆ ಡಿಫರೆನ್ಷಿಯಲ್ ಈಕ್ವೇಶನ್ ಕಲಿಸಿದ ಸರ್ ಒಂದು ಸಣ್ಣ ಸಮೀಕರಣದ ಮೇಲೆ ಪಿರಿಯಡ್ ಮೇಲೆ ಪಿರಿಯಡ್ ನಿಂತುಬಿಟ್ಟರು. ಸಿಲಬಸ್ಸಿನಲ್ಲಿ ಅದಕ್ಕೆ ಇದ್ದದ್ದು ಒಂದೇ ಸಾಲು: ಗಾಳಿಯ ತಡೆ ವೇಗದ ಪ್ರಮಾಣದಲ್ಲಿದ್ದಾಗ ಬೀಳುವ ವಸ್ತು. ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬರುತ್ತಿತ್ತು. ಆದರೆ ಧಾರವಾಡದಲ್ಲಿ ನಾನು ಕಲಿತ ಗಣಿತದಲ್ಲಿ ಇವತ್ತಿಗೂ ಕಾಗದವಿಲ್ಲದೆ ಪೂರ್ತಿ ಹೇಳಬಲ್ಲದ್ದು ಇದೊಂದನ್ನೇ. ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಮೊದಲು ನೆನಪಾದದ್ದೂ ಇದೇ. ಅವರು ಹೇಳಿಕೊಟ್ಟ ರೀತಿಯಲ್ಲೇ ಬರೆಯುತ್ತೇನೆ.

ಕೆಳಮುಖದ ದಿಕ್ಕನ್ನು ಧನ ಎಂದು ಇಟ್ಟುಕೊಂಡರೆ ಸಮೀಕರಣ ಹೀಗಿದೆ:

m dv/dt = mg − kv

ಎಡಕ್ಕೆ ನ್ಯೂಟನ್ನನ ಎರಡನೇ ನಿಯಮ, ಬಲಕ್ಕೆ ತೂಕ, ಅದರಿಂದ ಕಳೆದ ಗಾಳಿಯ ತಡೆ. ನಾವೆಲ್ಲ ಪೆನ್ನು ಎತ್ತಿಕೊಂಡು ಬಿಡಿಸಲು ಹೊರಟಾಗ ಸರ್ ತಡೆದರು. "ತಡೀರಿ, ಮೊದಲ ಅದನ್ನ ನೋಡ್ರಿ. ಬಿಡಸೂದು ಆಮ್ಯಾಲ." ವೇಗ ಸೊನ್ನೆ ಇದ್ದಾಗ ಬಲಗಡೆ ಉಳಿಯುವುದು mg ಮಾತ್ರ, ಹಾಗಾಗಿ ವೇಗೋತ್ಕರ್ಷ ಪೂರ್ತಿ g. ವೇಗ ಏರಿದಂತೆ ತಡೆ ಏರುತ್ತದೆ, ವೇಗೋತ್ಕರ್ಷ ಇಳಿಯುತ್ತದೆ. kv ಬೆಳೆದು mg ಮುಟ್ಟಿದರೆ ಬಲಗಡೆ ಸೊನ್ನೆ. ಆಗಿನ ವೇಗವೇ ಅಂತಿಮ ವೇಗ, mg/k.

ಹೆಚ್ಚಿನ ಪುಸ್ತಕಗಳು ಇಲ್ಲಿಗೆ ಮುಗಿಸುತ್ತವೆ. ಸರ್ ಮುಗಿಸಲಿಲ್ಲ. ಬಲಗಡೆ ಸೊನ್ನೆ ಎಂದು ಬರೆದರೆ ಗೊತ್ತಾಗುವುದು, ಆ ವೇಗದಲ್ಲಿದ್ದರೆ ವಸ್ತು ಹಾಗೇ ಇರುತ್ತದೆ ಎಂಬುದಷ್ಟೇ. ಅದು ಅಲ್ಲಿಗೆ ಬಂದು ಸೇರುತ್ತದೆ ಎಂದು ಯಾರು ಹೇಳಿದರು? ಅದಕ್ಕಾಗಿ ಅವರು ಇನ್ನೊಂದು ಪ್ರಶ್ನೆ ಕೇಳಿದರು. ವಸ್ತುವನ್ನು ಸುಮ್ಮನೆ ಕೈಬಿಡದೆ, ಅಂತಿಮ ವೇಗಕ್ಕಿಂತ ಜೋರಾಗಿ ಕೆಳಕ್ಕೆ ಒಗೆದರೆ ಏನಾಗುತ್ತದೆ? ಆಗ kv ಎಂಬುದು mg ಗಿಂತ ದೊಡ್ಡದು, ಬಲಗಡೆ ಋಣ, ವಸ್ತು ಬೀಳುತ್ತಲೇ ನಿಧಾನವಾಗುತ್ತದೆ. ಕೆಳಗಿದ್ದರೆ ಏರುತ್ತದೆ, ಮೇಲಿದ್ದರೆ ಇಳಿಯುತ್ತದೆ. ಎರಡೂ ಕಡೆಯಿಂದ ಅದೇ ಬೆಲೆಯ ಕಡೆಗೆ ಹೊರಟಿರುತ್ತದೆ. ಅಂತಿಮ ವೇಗ ಎಂಬ ಹೆಸರಿಗೆ ಅದು ಯೋಗ್ಯವಾಗುವುದು ಈ ಕಾರಣಕ್ಕೆ. ಎಲ್ಲಿಂದ ಶುರುಮಾಡಿದಿರಿ ಎಂಬುದನ್ನು ಅದು ಕೇಳುವುದಿಲ್ಲ.

ಬಿಡಿಸುವಾಗಲೂ ಅವರ ದಾರಿ ಬೇರೆ. ನಾವು ಪುಸ್ತಕದಲ್ಲಿ ಕಂಡಿದ್ದು dv/(mg − kv) ಎಂದು ಬೇರ್ಪಡಿಸಿ ಅನುಕಲಿಸುವ ಕ್ರಮ. ಅದರಲ್ಲಿ ಲಾಗರಿತಂ ಹೊರಬರುವಾಗ ಮುಂದೆ −1/k ಬರಬೇಕು. ಆ ಋಣಚಿಹ್ನೆ ಬಿಟ್ಟುಹೋದರೆ ವೇಗ ಘಾತೀಯವಾಗಿ ಅನಂತಕ್ಕೆ ಓಡುವ ಉತ್ತರ ಬರುತ್ತದೆ. ಸರ್ ಅಂತಿಮ ವೇಗಕ್ಕೆ V ಎಂದು ಹೆಸರಿಟ್ಟು, ಇನ್ನೂ ಎಷ್ಟು ವೇಗ ಬರಬೇಕಾಗಿದೆಯೋ ಅದನ್ನೇ ಹೊಸ ಚರವಾಗಿ ಹಿಡಿದರು: u = V − v. ಅದನ್ನು ಅವರು ಕರೆಯುತ್ತಿದ್ದದ್ದು ಬಾಕಿ ಎಂದು. ಮೂಲ ಸಮೀಕರಣವನ್ನು m ನಿಂದ ಭಾಗಿಸಿ, m/k ಯನ್ನು τ ಎಂದು ಕರೆದರೆ ಉಳಿಯುವುದು ಇಷ್ಟೇ:

du/dt = −u/τ

ಬಾಕಿ ಎಷ್ಟಿದೆಯೋ ಅದಕ್ಕೆ ತಕ್ಕ ಹಾಗೆ ಅದು ತೀರುತ್ತದೆ. g ಕಾಣಿಸುವುದೇ ಇಲ್ಲ, ಅದು V ಒಳಗೆ ಸೇರಿಹೋಗಿದೆ. ಉತ್ತರ u = u₀ e^(−t/τ). ಸುಮ್ಮನೆ ಕೈಬಿಟ್ಟ ವಸ್ತುವಿಗೆ ಆರಂಭದ ಬಾಕಿ V ಪೂರ್ತಿ, ಆದ್ದರಿಂದ

v = V(1 − e^(−t/τ)), V = gτ

ಆ ಕೊನೆಯ ಸಣ್ಣ ಸಂಬಂಧವನ್ನು ಅವರು ಬೋರ್ಡಿನ ಮೇಲೆ ಡಬ್ಬಿ ಹಾಕಿ ಬರೆದರು. ಗಾಳಿಯೇ ಇಲ್ಲದಿದ್ದರೆ τ ಸಮಯದಲ್ಲಿ ವಸ್ತು ಗಳಿಸುತ್ತಿದ್ದ ವೇಗ ಎಷ್ಟೋ, ಗಾಳಿಯಲ್ಲಿ ಅದರ ಅಂತಿಮ ವೇಗ ಅಷ್ಟೇ. ನಿಜಕ್ಕೂ τ ಸಮಯ ಕಳೆದಾಗ ಶೇಕಡಾ 63ರಷ್ಟು ಬಂದಿರುತ್ತದೆ. ಮೂರು τ ಗೆ 95, ಐದು τ ಗೆ 99 ದಾಟುತ್ತದೆ. ಲೆಕ್ಕದ ಪ್ರಕಾರ ಬಾಕಿ ಎಂದೂ ಪೂರ್ತಿ ತೀರುವುದಿಲ್ಲ. ಅಳೆಯುವವನ ಗಡಿಯಾರಕ್ಕೆ ಮಾತ್ರ ಅದು ಬೇಗನೆ ಕಾಣದಾಗುತ್ತದೆ. t ತೀರ ಚಿಕ್ಕದಿದ್ದಾಗ v = gt ಆಗುತ್ತದೆಯೇ ಎಂದು ನೋಡದೆ ಯಾರೂ ಉತ್ತರದ ಕೆಳಗೆ ಗೆರೆ ಎಳೆಯುವಂತಿರಲಿಲ್ಲ. ಆ ಒಂದು ಪರೀಕ್ಷೆಯಿಂದ ಚಿಹ್ನೆಯ ತಪ್ಪೂ, τ ಬರೆಯುವಲ್ಲಿ m, k ಅದಲುಬದಲಾದ ತಪ್ಪೂ ಕೂಡಲೇ ಸಿಕ್ಕುತ್ತವೆ.

ಇಷ್ಟಾದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಗೆಳೆಯ ಕೇಳಿದ: "ಸರ, ಈ ತಡೆ ವೇಗದಷ್ಟ ಇರತದ ಅಂತ ಖರೇನೇ ಎಲ್ಲೆ ಐತ್ರಿ?" ಸರ್‌ಗೆ ಬೇಕಾಗಿದ್ದದ್ದು ಅದೇ ಪ್ರಶ್ನೆ. "ಮುಂಜಾನೆ ಕೆಲಗೇರಿ ಕೆರಿ ಮ್ಯಾಲ ಮಂಜ ನಿಂತಿರತದಲ್ಲೋ ತಮ್ಮಾ, ಅಲ್ಲೆ ಐತಿ ನೋಡು" ಎಂದರು.

ಮಂಜಿನ ಒಂದು ಹನಿಯ ತ್ರಿಜ್ಯ 10 ಮೈಕ್ರೋಮೀಟರ್ ಎಂದು ಹಿಡಿಯೋಣ. ಇಷ್ಟು ಚಿಕ್ಕ ಗೋಳಕ್ಕೆ ಸ್ಟೋಕ್ಸ್ 1851ರಲ್ಲಿ ಕೊಟ್ಟ ಸೂತ್ರ ಅನ್ವಯಿಸುತ್ತದೆ: k = 6πηr. ಇಲ್ಲಿ η ಗಾಳಿಯ ಸ್ನಿಗ್ಧತೆ, ಸುಮಾರು 1.8 × 10⁻⁵ ಪಾಸ್ಕಲ್ ಸೆಕೆಂಡ್. ಹನಿಯ ರಾಶಿ ಅದರ ಗಾತ್ರ ಮತ್ತು ನೀರಿನ ಸಾಂದ್ರತೆ ρ ಇವುಗಳ ಗುಣಲಬ್ಧ. mg/k ಎಂದು ಹಾಕಿ ಸುಲಭ ಮಾಡಿದರೆ V = 2r²ρg/9η. ಸಂಖ್ಯೆಗಳನ್ನು ತುಂಬಿದರೆ ಸೆಕೆಂಡಿಗೆ 1.2 ಸೆಂಟಿಮೀಟರ್. ಅದನ್ನು g ಯಿಂದ ಭಾಗಿಸಿದರೆ τ, 1.2 ಮಿಲಿಸೆಕೆಂಡ್.

ಇಲ್ಲಿ ಸರ್ ವೇಗವನ್ನು ಇನ್ನೊಮ್ಮೆ ಅನುಕಲಿಸಿ ದೂರ ತೆಗೆಯಲು ಹೇಳಿದರು: x = Vt − Vτ(1 − e^(−t/τ)). ಸ್ವಲ್ಪ ಹೊತ್ತಿನ ನಂತರ ಇದು Vt − Vτ ಎಂದಷ್ಟೇ ಉಳಿಯುತ್ತದೆ. ಅಂದರೆ ಮೊದಲಿನಿಂದಲೇ ಅಂತಿಮ ವೇಗದಲ್ಲಿ ಬಿದ್ದ ಹನಿಗಿಂತ ನಮ್ಮ ಹನಿ Vτ ನಷ್ಟು ಹಿಂದೆ ಉಳಿಯುತ್ತದೆ, ಮುಂದೆ ಯಾವತ್ತಿಗೂ ಅಷ್ಟೇ. ಈ ಮಂಜಿನ ಹನಿಗೆ ಅದು ಸುಮಾರು 15 ಮೈಕ್ರೋಮೀಟರ್, ಹನಿಯ ವ್ಯಾಸಕ್ಕಿಂತಲೂ ಕಡಿಮೆ. ಐದು τ ಕಳೆಯುವಷ್ಟರಲ್ಲಿ ಅದು ಬಿದ್ದ ದೂರ 60 ಮೈಕ್ರೋಮೀಟರ್, ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಆಮೇಲೆ ಅದರ ಇಡೀ ಪಯಣ ಒಂದೇ ವೇಗದಲ್ಲಿ. 10 ಮೀಟರ್ ಇಳಿಯಲು ಹದಿನಾಲ್ಕು ನಿಮಿಷ ಬೇಕು. ಸೆಕೆಂಡಿಗೆ ಎರಡು ಸೆಂಟಿಮೀಟರ್ ವೇಗದಲ್ಲಿ ಗಾಳಿ ಮೇಲೆದ್ದರೂ ಇಳಿಯುವುದು ಸಾಧ್ಯವಿಲ್ಲ. ಮಂಜು ನಿಂತಂತೆ ಕಾಣುವುದು ಹನಿಗಳು ಬೀಳದೆ ಇರುವುದರಿಂದಲ್ಲ, ಇಷ್ಟು ನಿಧಾನಕ್ಕೆ ಬೀಳುವುದರಿಂದ. ನನಗೆ ಆ ಲೆಕ್ಕ ಮುಗಿದಾಗ ಆದ ಸಂತೋಷ ಇನ್ನೂ ಹಾಗೇ ಇದೆ.

ಅದೇ ವರ್ಷ ಫಿಜಿಕ್ಸ್ ಪ್ರ್ಯಾಕ್ಟಿಕಲ್‌ನಲ್ಲಿ ಔಡಲ ಎಣ್ಣೆಯ ಉದ್ದ ಜಾಡಿಯಲ್ಲಿ ಸಣ್ಣ ಉಕ್ಕಿನ ಗುಂಡು ಬಿಟ್ಟು ಸ್ನಿಗ್ಧತೆ ಅಳೆಯುವ ಪ್ರಯೋಗ ಇತ್ತು. ಎಣ್ಣೆ ಗುಂಡನ್ನು ಮೇಲಕ್ಕೆ ಒತ್ತುವುದರಿಂದ ρ ಬದಲು ಉಕ್ಕು ಮತ್ತು ಎಣ್ಣೆಯ ಸಾಂದ್ರತೆಗಳ ವ್ಯತ್ಯಾಸ ಹಾಕಬೇಕು. ಉಳಿದದ್ದೆಲ್ಲ ಅದೇ ಸಮೀಕರಣ. ಒಂದು ಮಿಲಿಮೀಟರ್ ತ್ರಿಜ್ಯದ ಗುಂಡು ಸೆಕೆಂಡಿಗೆ ಸುಮಾರು ಎರಡು ಸೆಂಟಿಮೀಟರ್ ಇಳಿಯುತ್ತದೆ, ಕಣ್ಣಿಗೆ ಆರಾಮಾಗಿ ಕಾಣುತ್ತದೆ. ಜಾಡಿಗೆ ಸಮ ಅಂತರದಲ್ಲಿ ಮೂರು ರಬ್ಬರ್ ಬ್ಯಾಂಡ್ ಹಾಕಿ ಎರಡು ಅಂತರಗಳ ಸಮಯವನ್ನೂ ಬರೆದುಕೊಳ್ಳುತ್ತಿದ್ದೆವು. ಎರಡೂ ಒಂದೇ ಬಂದರೆ ಗುಂಡು ಅಂತಿಮ ವೇಗದಲ್ಲಿದೆ ಎಂದು ಅರ್ಥ. ಮೊದಲ ಬ್ಯಾಂಡನ್ನು ಎಣ್ಣೆಯ ಮೇಲ್ಮೈಯಿಂದ ಕೆಲವು ಸೆಂಟಿಮೀಟರ್ ಕೆಳಗೆ ಹಾಕಿ, ಗುಂಡು ಅಂತಿಮ ವೇಗ ಪಡೆಯಲು ಅಷ್ಟು ಜಾಗ ಬೇಕು ಎಂದು ರೆಕಾರ್ಡ್ ಬುಕ್ಕಿನಲ್ಲಿ ಬರೆಸುತ್ತಿದ್ದರು. τ ಹಾಕಿ ನೋಡಿದರೆ ಅದು ಕೆಲವೇ ಮಿಲಿಸೆಕೆಂಡ್, ಬೇಕಾದ ಜಾಗ ಒಂದು ಮಿಲಿಮೀಟರಿನ ಒಳಗೇ. ಹಾಗೆಂದು ಆ ಜಾಗ ಬಿಡುವುದು ವ್ಯರ್ಥವಲ್ಲ. ಗುಂಡು ಎಣ್ಣೆಯೊಳಗೆ ಇಳಿಯುವಾಗ ಮೇಲ್ಮೈ ಕದಡುತ್ತದೆ, ಗಾಳಿಯ ಗುಳ್ಳೆ ಅಂಟಿಕೊಂಡೇ ಬರುತ್ತದೆ. ಅದು ಸರಿಹೋಗಲು ಆ ಅಂತರ ಬೇಕು. ಎರಡು ಸಮಯಗಳು ಹೊಂದದಿದ್ದರೆ ಗುಂಡು ಜಾಡಿಯ ಗೋಡೆಯ ಕಡೆಗೆ ಸರಿದಿದೆಯೇ ಎಂದು ಮೊದಲು ನೋಡಬೇಕು. ಗೋಡೆ ಹತ್ತಿರವಾದಂತೆ k ಹೆಚ್ಚಾಗುತ್ತದೆ.

ಕೊನೆಯ ದಿನ ಸರ್ ಹೊರಗೆ ಸುರಿಯುತ್ತಿದ್ದ ಮಳೆಯನ್ನೇ ಲೆಕ್ಕಕ್ಕೆ ಕೊಟ್ಟರು. ಹನಿಯ ತ್ರಿಜ್ಯ ಒಂದು ಮಿಲಿಮೀಟರ್, ಸೂತ್ರ ಅದೇ. ತ್ರಿಜ್ಯ ಮಂಜಿನ ಹನಿಯ ನೂರು ಪಟ್ಟು, ಸೂತ್ರದಲ್ಲಿ r² ಇದೆ, ಹಾಗಾಗಿ ವೇಗ ಹತ್ತು ಸಾವಿರ ಪಟ್ಟು: ಸೆಕೆಂಡಿಗೆ 121 ಮೀಟರ್. ಕ್ಲಾಸಿನಲ್ಲಿ ಗುಸುಗುಸು ಶುರುವಾಯಿತು. "ಹಂಗ ಬಿದ್ದಿದ್ರ ಕೊಡಿ ಹಿಡಕೊಂಡ ಬರೂದು ಆಕ್ಕಿತ್ತೇನ್ರಪಾ?" ಎಂದರು ಸರ್. ಗನ್ ಮತ್ತು ಕಿನ್ಜರ್ 1949ರಲ್ಲಿ ಅಳೆದು ಪ್ರಕಟಿಸಿದ ಪ್ರಕಾರ ಆ ಗಾತ್ರದ ಹನಿ ಬೀಳುವುದು ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ.

ಗಣಿತದಲ್ಲಿ ತಪ್ಪಿರಲಿಲ್ಲ, kv ಎಂದು ಬರೆದದ್ದೇ ಅಲ್ಲಿಗೆ ಸಲ್ಲುವುದಿಲ್ಲ. ಗಾಳಿ ಹನಿಯ ಸುತ್ತ ನುಣುಪಾಗಿ ಜಾರಿ ಹೋಗುವವರೆಗೆ ಮಾತ್ರ ತಡೆ ವೇಗದ ಪ್ರಮಾಣದಲ್ಲಿರುತ್ತದೆ. ಹಾಗೆ ಹೋಗುತ್ತದೆಯೇ ಎಂದು ತಿಳಿಯಲು ರೆನಾಲ್ಡ್ಸ್ ಸಂಖ್ಯೆ ತೆಗೆಯಬೇಕು: ಗಾಳಿಯ ಸಾಂದ್ರತೆ, ವೇಗ, ವ್ಯಾಸ ಇವುಗಳ ಗುಣಲಬ್ಧವನ್ನು η ದಿಂದ ಭಾಗಿಸಿದರೆ ಅದು ಬರುತ್ತದೆ. ಮಂಜಿನ ಹನಿಗೆ 0.016, ಒಂದಕ್ಕಿಂತ ಎಷ್ಟೋ ಕಡಿಮೆ, ನಿಶ್ಚಿಂತೆ. ನಾವು ತೆಗೆದ ಮಳೆಹನಿಗೆ ಹದಿನಾರು ಸಾವಿರ. V ಸಿಕ್ಕಮೇಲೆ ಈ ಸಂಖ್ಯೆ ನೋಡದೆ ಉತ್ತರವನ್ನು ನಂಬುವಂತಿಲ್ಲ, ಏಕೆಂದರೆ ಸಮೀಕರಣ ತಾನಾಗಿ ಎಚ್ಚರಿಕೆ ಕೊಡುವುದಿಲ್ಲ. ನೀರಿನ ಹನಿಗೆ ಈ ಸಂಖ್ಯೆ ಒಂದನ್ನು ಮುಟ್ಟುವುದು ತ್ರಿಜ್ಯ ಸುಮಾರು 40 ಮೈಕ್ರೋಮೀಟರ್ ಆದಾಗ. ಮಂಜು, ಮೋಡ ಈಚೆಗೆ, ಮಳೆ ಆಚೆಗೆ. ಆಚೆಗಿನ ದೊಡ್ಡ ಹನಿಗಳಿಗೆ ತಡೆಯನ್ನು ಸ್ಥೂಲವಾಗಿ cv² ಎಂದು ಬರೆಯಬೇಕು. ಅಲ್ಲಿಯೂ ಬಲಗಡೆಯನ್ನು ಸೊನ್ನೆ ಮಾಡಿದರೆ ಅಂತಿಮ ವೇಗ √(mg/c) ಎಂದು ಬಂದುಬಿಡುತ್ತದೆ, ಆದರೆ ಬಾಕಿಯ ಸಮೀಕರಣ ಇಷ್ಟು ಸರಳವಾಗಿ ಉಳಿಯುವುದಿಲ್ಲ. ಅದನ್ನು ಸರ್ ಮನೆಗೆ ಕೊಟ್ಟರು, ಉತ್ತರದಲ್ಲಿ tanh ಬರಬೇಕು ಎಂದಷ್ಟೇ ಹೇಳಿ.