ಲಿಫ್ಟ್‌ಗಿಂತ ಉದ್ದದ ರಾಡ್ ಲಿಫ್ಟ್‌ನಲ್ಲೇ ಹೋಗುತ್ತದೆಯೇ?

ಮುಂಬೈನಲ್ಲಿ ಇಂಟೀರಿಯರ್ ಕೆಲಸ ಮಾಡಿಸುವವರಿಗೆ ಮನೆಯೊಳಗಿನ ಕೆಲಸಕ್ಕಿಂತ ಸಾಮಾನು ಮೇಲೆ ಸಾಗಿಸುವುದೇ ಎಷ್ಟೋ ಸಲ ದೊಡ್ಡ ಲೆಕ್ಕ. ಘಾಟ್‌ಕೋಪರ್‌ನಲ್ಲಿ ಹದಿನಾಲ್ಕನೇ ಮಹಡಿಯ ಒಂದು ಫ್ಲ್ಯಾಟ್‌ಗೆ 270 ಸೆಂ.ಮೀ. ಉದ್ದದ, 2.5 ಸೆಂ.ಮೀ. ದಪ್ಪದ ಸ್ಟೀಲ್ ಪರದೆ ರಾಡ್‌ಗಳು ಬೇಕಾಗಿದ್ದವು. ನಡುವೆ ಜಾಯಿಂಟ್ ಇಟ್ಟರೆ ಪರದೆಯ ರಿಂಗ್ ಅಲ್ಲಿ ತಡೆಯುತ್ತದೆ, ಆದ್ದರಿಂದ ಒಂದೇ ತುಂಡು ಬೇಕು ಎಂದು ಮನೆಯವರು ಹೇಳಿದ್ದರು. ಲಿಫ್ಟ್‌ನ ಒಳಗಿನ ಎತ್ತರ 220 ಸೆಂ.ಮೀ. ಮಾತ್ರ.

ನನ್ನ ಜೊತೆ ಕೆಲಸ ಮಾಡುವ ಇಂಡಿ ಕಡೆಯ ಹುಡುಗ ಕೇಳಿದ: "ಅಣ್ಣಾ, ರಾಡ್ ಲಿಫ್ಟಿಗಿಂತ ಉದ್ದ ಅದಾವಲ್ರಿ, ಮೆಟ್ಟಲ ಹತ್ತಿಸೇ ಒಯ್ಯಬೇಕೇನ್ರಿ?"

"ಓರೆ ಹಿಡಿದ್ರ ಹಿಡಿಸ್ತಾವೋ ಇಲ್ಲೋ, ಮೊದಲ ಲೆಕ್ಕ ಹಾಕೂಣು ಬಾ" ಅಂದೆ.

ಲಿಫ್ಟ್ ಒಂದು ಆಯತಘನ. ಇದರ ಒಳಗಿನ ಅಗಲ 110, ಆಳ 140, ಎತ್ತರ 220 ಸೆಂ.ಮೀ. ಇದರಲ್ಲಿ ಸಿಗುವ ಅತಿ ಉದ್ದದ ನೇರ ಗೆರೆ ನೆಲದ ಒಂದು ಮೂಲೆಯಿಂದ ಎದುರಿನ ಛಾವಣಿಯ ಮೂಲೆಗೆ ಹೋಗುತ್ತದೆ. ಅದನ್ನು ಟೇಪ್‌ನಿಂದ ನೇರವಾಗಿ ಅಳೆಯುವುದು ಕಷ್ಟ, ಗಾಳಿಯಲ್ಲಿ ಓರೆಯಾಗಿ ಹಿಡಿದ ಟೇಪ್ ಬಾಗುತ್ತದೆ. ಅಂಗಡಿಯಲ್ಲಿ ನಿಂತು ಆರ್ಡರ್ ಕೊಡುವಾಗಲಂತೂ ಕೈಯಲ್ಲಿರುವುದು ಯಾರೋ ಫೋನಿನಲ್ಲಿ ಹೇಳಿದ ಅಳತೆ ಮಾತ್ರ. ಆಗ ಪೈಥಾಗರಸ್ ಪ್ರಮೇಯವನ್ನು ಎರಡು ಸಲ ಹಾಕಬೇಕು.

ಮೊದಲ ತ್ರಿಭುಜ ನೆಲದ ಮೇಲೆ ಮಲಗಿದೆ. ಅಗಲ ಮತ್ತು ಆಳ ಅದರ ಎರಡು ಬಾಹುಗಳು, ನೆಲದ ಕರ್ಣವೇ ವಿಕರ್ಣ. 110ರ ವರ್ಗ 12100, 140ರ ವರ್ಗ 19600, ಕೂಡಿದರೆ 31700. ವರ್ಗಮೂಲ ಸುಮಾರು 178.

ಎರಡನೆಯ ತ್ರಿಭುಜ ಎದ್ದು ನಿಂತಿದೆ. ಅದರ ಬುಡ ಈ 178ರ ನೆಲದ ಕರ್ಣ, ನಿಲುವು 220ರ ಎತ್ತರ. ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಇವೆರಡರ ನಡುವೆ ಲಂಬಕೋನ ಇದೆ ಎನ್ನುವುದು ಕಣ್ಣಿಗೆ ತಕ್ಷಣ ಕಾಣುವುದಿಲ್ಲ. ಗೋಡೆಯ ಮೂಲೆ ನೆಲಕ್ಕೆ ಲಂಬವಾಗಿದ್ದರೆ, ಅದರ ಬುಡದಿಂದ ನೆಲದ ಮೇಲೆ ಯಾವ ದಿಕ್ಕಿಗೆ ಗೆರೆ ಎಳೆದರೂ ಆ ಗೆರೆಗೂ ಲಂಬವೇ. ನೆಲದ ಕರ್ಣವೂ ಅಂಥ ಒಂದು ಗೆರೆ, ಹಾಗಾಗಿ ಪ್ರಮೇಯವನ್ನು ಮತ್ತೆ ಹಾಕಲು ಹಕ್ಕಿದೆ. 31700ಕ್ಕೆ 220ರ ವರ್ಗ 48400 ಕೂಡಿದರೆ 80100, ವರ್ಗಮೂಲ 283. ನಡುವೆ 178 ಎಂದು ವರ್ಗಮೂಲ ತೆಗೆದದ್ದು ತಿಳಿಯಲು ಅಷ್ಟೇ. ಎರಡನೆಯ ಹೆಜ್ಜೆಯಲ್ಲಿ ಅದರ ವರ್ಗವೇ ಬೇಕಾಗುವುದರಿಂದ, ಫೋನಿನ ಕ್ಯಾಲ್ಕ್ಯುಲೇಟರ್‌ನಲ್ಲಿ ಮೂರೂ ವರ್ಗ ಕೂಡಿಸಿ ಕೊನೆಗೆ ಒಂದೇ ಸಲ ಮೂಲ ತೆಗೆದರೆ ಸಾಕು.

283 ಬಂತು, ರಾಡ್ 270. ಹುಡುಗ ಆಗಲೇ ರಾಡ್ ಎತ್ತಲು ಹೊರಟಿದ್ದ. ಆದರೆ ಸೈಟಿನಲ್ಲಿ ಈ 283ನ್ನು ಹಾಗೇ ನಂಬುವಂತಿಲ್ಲ. ಪುಸ್ತಕದ ಆಯತಘನಕ್ಕೆ ಬಾಗಿಲಿಲ್ಲ, ಪುಸ್ತಕದ ಗೆರೆಗೆ ದಪ್ಪವಿಲ್ಲ.

ಮೊದಲು ಬಾಗಿಲು. ಲಿಫ್ಟ್‌ನ ಅಗಲ 110 ಇದ್ದರೂ ಬಾಗಿಲು ತೆರೆದಾಗ ಸಿಗುವುದು 80, ಅದೂ ಸರಿಯಾಗಿ ನಡುವಿನಲ್ಲಿ. ಎರಡೂ ಬದಿಗೆ 15 ಸೆಂ.ಮೀ. ಮುಚ್ಚಿರುತ್ತದೆ. ರಾಡ್‌ನ ಮೇಲಿನ ತುದಿಯನ್ನು ಹಿಂದಿನ ಛಾವಣಿಯ ಮೂಲೆಗೆ ಕೊಟ್ಟು ಕೆಳಗಿನ ತುದಿಯನ್ನು ಹೊಸ್ತಿಲ ಮೇಲಿಂದ ಒಳಗೆ ಜಾರಿಸಬೇಕಲ್ಲ, ಆ ತುದಿ ಲಿಫ್ಟ್‌ನ ಮೂಲೆಯಿಂದ ಒಳಬರುವುದಿಲ್ಲ, ಬಾಗಿಲ ಚೌಕಟ್ಟಿನ ಅಂಚಿನಿಂದ ಬರುತ್ತದೆ. ಅಂದರೆ ಲೆಕ್ಕಕ್ಕೆ ಹಿಡಿಯಬೇಕಾದ ಅಗಲ 110 ಅಲ್ಲ, 95. ಅದರ ವರ್ಗ 9025. ಉಳಿದೆರಡನ್ನು ಕೂಡಿಸಿದರೆ 77025, ಮೂಲ ಸುಮಾರು 277.5. ಬಾಗಿಲೊಂದೇ ಐದೂವರೆ ಸೆಂಟಿಮೀಟರ್ ತಿಂದಿತು. ಒಮ್ಮೆ ಒಳಗೆ ಬಂದ ಮೇಲೆ ಕೆಳತುದಿಯನ್ನು ಪಕ್ಕದ ಮೂಲೆಗೆ ಸರಿಸಬಹುದು, ಆಗ ಬಾಗಿಲು ಮುಚ್ಚಲೂ ಜಾಗ ಸಿಗುತ್ತದೆ. ಕಷ್ಟವೆಲ್ಲ ಹೊಸ್ತಿಲು ದಾಟುವ ಆ ಒಂದು ಗಳಿಗೆಯಲ್ಲಿ.

ಇನ್ನು ದಪ್ಪ. ದುಂಡನೆಯ ರಾಡ್‌ನ ತುದಿ ಮೂಲೆಯ ಬಿಂದುವಿನವರೆಗೆ ಹೋಗುವುದಿಲ್ಲ, ಅದರ ಅಂಚು ಮೊದಲೇ ಗೋಡೆಗೆ ತಾಗುತ್ತದೆ. ನಾನು ಬಳಸುವ ನಿಯಮ ಸರಳ: ಮೂರೂ ಅಳತೆಯಿಂದ ರಾಡ್‌ನ ದಪ್ಪ ಕಳೆದು, ಆಮೇಲೆ ವರ್ಗ ಮಾಡಿ. ನಿಜವಾಗಿ ಬೇಕಾದದ್ದಕ್ಕಿಂತ ಇದು ತುಸು ಹೆಚ್ಚೇ ಕಳೆಯುತ್ತದೆ, ಆದ್ದರಿಂದ ಈ ಲೆಕ್ಕದಲ್ಲಿ ಹಿಡಿಸಿದ ರಾಡ್ ಲಿಫ್ಟ್‌ನಲ್ಲೂ ಹಿಡಿಸುತ್ತದೆ. ನಮ್ಮ ರಾಡ್‌ಗೆ ಅಳತೆಗಳು 92.5, 137.5, 217.5 ಆದವು. ಉತ್ತರ 273.4. ಮೂರು ಸೆಂಟಿಮೀಟರ್‌ಗೂ ಮೇಲೆ ಉಳಿಯಿತು, ಸಾಕು.

ಹುಡುಗ ಅಷ್ಟರಲ್ಲಿ ನಾಲ್ಕು ರಾಡ್ ಸೇರಿಸಿ ಟೇಪ್ ಸುತ್ತಿ ಒಂದು ಕಟ್ಟು ಮಾಡಿದ್ದ. ಕಟ್ಟಿನ ದಪ್ಪ 5 ಸೆಂ.ಮೀ. ಅದೇ ನಿಯಮ ಹಾಕಿದರೆ 90, 135, 215, ಉತ್ತರ 269.4. ರಾಡ್‌ಗಿಂತ ಕಡಿಮೆ. ಕಟ್ಟು ಬಿಚ್ಚಿಸಿದೆ, ಒಂದೊಂದಾಗಿ ಒಳಗಿಟ್ಟೆವು, ಎಲ್ಲ ಹೋದವು. ಪಾಲಿಶ್ ಮಾಡಿದ ಲಿಫ್ಟ್ ಗೋಡೆಗೆ ಗೀರು ಬಿದ್ದರೆ ಸೊಸೈಟಿಯವರು ಬಿಡುವುದಿಲ್ಲ, ಒತ್ತಿ ತುರುಕಿ ನೋಡುವ ಕೆಲಸ ಇಲ್ಲಿ ನಡೆಯುವುದೂ ಇಲ್ಲ.

ಅಳತೆ ತೆಗೆಯುವಾಗ ಹೆಚ್ಚಿನ ಗಮನ ಎತ್ತರಕ್ಕೆ ಕೊಡಿ. ಮೂರರಲ್ಲಿ ಯಾವುದು ಉದ್ದವೋ ಅದರ ತಪ್ಪು ಉತ್ತರವನ್ನು ಹೆಚ್ಚು ಅಲುಗಿಸುತ್ತದೆ. ಈ ಲಿಫ್ಟ್‌ನಲ್ಲಿ ಅಗಲ ಒಂದು ಸೆಂ.ಮೀ. ತಪ್ಪಿದರೆ ಕರ್ಣ ಮೂರು ಮಿಲಿಮೀಟರ್ ಚಿಲ್ಲರೆ ಬದಲಾಗುತ್ತದೆ, ಎತ್ತರ ಒಂದು ಸೆಂ.ಮೀ. ತಪ್ಪಿದರೆ ಎಂಟು ಮಿಲಿಮೀಟರ್ ಹತ್ತಿರ. ಲೈಟ್ ಕೂರಿಸಲು ಛಾವಣಿಯ ಅಂಚಿನಲ್ಲಿ ಐದು ಸೆಂ.ಮೀ. ಫಾಲ್ಸ್ ಸೀಲಿಂಗ್ ಇಳಿಸಿದ ಲಿಫ್ಟ್‌ಗಳಿವೆ. ನಡುವಿನಲ್ಲಿ ಟೇಪ್ ಹಿಡಿದವನಿಗೆ 220 ಎಂದೇ ಸಿಗುತ್ತದೆ, ಮೂಲೆಯಲ್ಲಿ 215. ಅಷ್ಟಕ್ಕೇ ನಮ್ಮ 273.4 ಇಳಿದು 269.5 ಆಗುತ್ತದೆ, ಒಂದೇ ರಾಡ್ ಇದ್ದರೂ ಭರವಸೆ ಇಲ್ಲ. ಹಾಗಾಗಿ ಎತ್ತರವನ್ನು ಹಿಂದಿನ ಮೂಲೆಯಲ್ಲೇ ಅಳೆಯಬೇಕು. ಕೈ ಹಿಡಿಯುವ ಸೊಂಟದೆತ್ತರದ ಸರಳಿಗೆ ಹೆದರಬೇಕಿಲ್ಲ. ಆ ಎತ್ತರದಲ್ಲಿ ನಮ್ಮ ರಾಡ್ ಇನ್ನೂ ಲಿಫ್ಟ್‌ನ ನಡುಭಾಗದಲ್ಲೇ ಇರುತ್ತದೆ, ಗೋಡೆಯಿಂದ ಸಾಕಷ್ಟು ದೂರ.

ಇಷ್ಟೆಲ್ಲ ಹೇಳಿದ್ದು ಉದ್ದನೆಯ, ತೆಳ್ಳನೆಯ ವಸ್ತುವಿಗೆ ಮಾತ್ರ. 244 ಗುಣಿಸು 122 ಸೆಂ.ಮೀ.ನ ಪ್ಲೈವುಡ್ ಶೀಟ್ ತಂದು "283 ಇದೆಯಲ್ಲ, ಆರಾಮಾಗಿ ಹೋಗುತ್ತೆ" ಅಂದರೆ ಆಗುವುದಿಲ್ಲ. ಶೀಟ್‌ಗೆ ಅಗಲವೂ ಇದೆ. ಅದರ 122ರ ಅಂಚು 140ರ ಆಳವನ್ನು ಹಿಡಿದುಕೊಂಡರೆ, 244ರ ಅಂಚಿಗೆ ಉಳಿಯುವುದು ಅಗಲ ಮತ್ತು ಎತ್ತರದ ಕರ್ಣ ಮಾತ್ರ, ಅಂದರೆ ಪ್ರಮೇಯ ಒಂದೇ ಸಲ: 12100 ಮತ್ತು 48400 ಕೂಡಿ 60500, ಮೂಲ 246. ಎರಡು ಸೆಂಟಿಮೀಟರ್ ಉಳಿದಂತೆ ಕಾಣುತ್ತದೆ, ಆದರೆ ಹಾಗೆ ಓರೆಯಾದ ಶೀಟ್ 80ರ ಬಾಗಿಲಲ್ಲಿ ನುಗ್ಗುವುದೇ ಇಲ್ಲ. ಆ ಫ್ಲ್ಯಾಟಿನ ಪ್ಲೈವುಡ್ ಪೂರ್ತಿ ಮೆಟ್ಟಿಲ ಮೇಲೇ ಹೋಯಿತು, ಅದರ ಕೂಲಿಯನ್ನು ಕೊಟೇಶನ್‌ನಲ್ಲೇ ಬರೆದಿದ್ದೆ.