ಕರೆನ್ಸಿ ಬಿದ್ದರೆ ರಫ್ತಿಗೆ ಒಳ್ಳೆಯದಲ್ವಾ?

“ಸಾರ್, ಕರೆನ್ಸಿ ಬಿದ್ದರೆ ರಫ್ತಿಗೆ ಲಾಭ ಅಂತೀರಿ. ಮತ್ತೆ ವಿದೇಶಿ ಹಣ ನಿಂತ ಕೂಡಲೇ ಕೆಲವು ದೇಶಗಳು ಯಾಕೆ ಮಕಾಡೆ ಮಲಗುತ್ತವೆ?”

ಸಾಲ ಡಾಲರಿನಲ್ಲಿ, ಸಂಪಾದನೆ ಸ್ವಂತ ಕರೆನ್ಸಿಯಲ್ಲಿ ಇದ್ದರೆ ರಫ್ತಿನ ಲಾಭ ಬರುವ ಮೊದಲೇ ಸಾಲ ಕುತ್ತಿಗೆಗೆ ಬರುತ್ತದೆ. ಇಂಡೊನೇಷ್ಯಾದ ಕಥೆ ನೋಡಿ.

1997ರ ನಡುವಿನಲ್ಲಿ ಅಲ್ಲಿನ ಕರೆನ್ಸಿ ರೂಪಯ್ಯ, ಒಂದು ಡಾಲರಿಗೆ ಸುಮಾರು 2,400. ಸರ್ಕಾರ ಆ ದರವನ್ನು ಹೆಚ್ಚು ಅಲುಗಾಡಲು ಬಿಡುತ್ತಿರಲಿಲ್ಲ, ಡಾಲರ್ ಸಾಲದ ಬಡ್ಡಿಯೂ ಕಡಿಮೆ. ಹಾಗಾಗಿ ಕಂಪನಿಗಳು ಧೈರ್ಯವಾಗಿ ಡಾಲರಿನಲ್ಲೇ ಸಾಲ ಎತ್ತಿದವು. ಜಕಾರ್ತದ ಒಬ್ಬ ಬಿಲ್ಡರ್ 10 ಲಕ್ಷ ಡಾಲರ್ ತಂದ ಅಂತಿಟ್ಟುಕೊಳ್ಳಿ: 240 ಕೋಟಿ ರೂಪಯ್ಯ. ಕಟ್ಟಡದ ಬೆಲೆ 400 ಕೋಟಿ, ಬಾಡಿಗೆ ಬರುವುದು ರೂಪಯ್ಯದಲ್ಲಿ. ಆಮೇಲೆ ವಿದೇಶಿ ಹಣ ನಿಂತು ರೂಪಯ್ಯ ಬಿತ್ತು, 1998ರ ಜನವರಿಯಲ್ಲಿ ಡಾಲರ್ 10,000 ದಾಟಿತು. ಅವನು ಹೊಸದಾಗಿ ಒಂದು ಪೈಸೆ ಸಾಲ ಮಾಡದಿದ್ದರೂ ಹಳೇ ಸಾಲವೇ 1,000 ಕೋಟಿ ಆಯಿತು. ಆಸ್ತಿ ಪೂರ್ತಿ ಮಾರಿದರೂ ತೀರದು.

ಅದು ಅಲ್ಪಾವಧಿ ಸಾಲವಾಗಿದ್ದರೆ ಇನ್ನೂ ಕಷ್ಟ. ಅಲ್ಲಿಯವರೆಗೆ ಗಡುವು ಬಂದಾಗಲೆಲ್ಲ ನವೀಕರಿಸುತ್ತಿದ್ದ ವಿದೇಶಿ ಬ್ಯಾಂಕು ಈ ಸಲ “ಅಸಲು ಕೊಡಿ” ಅನ್ನುತ್ತದೆ. ಎಲ್ಲ ಸಾಲಗಾರರೂ ಒಟ್ಟಿಗೆ ಡಾಲರ್ ಕೊಳ್ಳಲು ಓಡುತ್ತಾರೆ, ರೂಪಯ್ಯ ಮತ್ತಷ್ಟು ಬೀಳುತ್ತದೆ, ಉಳಿದವರ ಸಾಲ ಇನ್ನೂ ಬೆಳೆಯುತ್ತದೆ. ರೂಪಯ್ಯ ನಿಲ್ಲಿಸಲು ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿದರೆ ಸ್ಥಳೀಯ ಸಾಲ ಮಾಡಿದವರು ಸಾಯುತ್ತಾರೆ. ಡಾಲರನ್ನು ಅದು ಅಚ್ಚು ಹಾಕುವಂತಿಲ್ಲ.

ರಫ್ತುದಾರರಾದರೂ ಗೆದ್ದರೇ? ಅವರಿಗೂ ಕಚ್ಚಾ ಮಾಲು ಹೊರಗಿಂದ ಬರಬೇಕು. ಇಂಡೊನೇಷ್ಯಾದ ಬ್ಯಾಂಕುಗಳು ಕೊಟ್ಟ ಎಲ್‌ಸಿಯನ್ನು, ಅಂದರೆ ಮಾಲಿನ ಹಣಕ್ಕೆ ಬ್ಯಾಂಕು ಕೊಡುವ ಖಾತರಿ ಪತ್ರವನ್ನು, ಹೊರಗಿನ ಬ್ಯಾಂಕುಗಳು ಒಪ್ಪಲು ಹಿಂದೇಟು ಹಾಕಿದವು. ಮಾಲಿಲ್ಲದ ಮೇಲೆ ಅಗ್ಗದ ಕರೆನ್ಸಿ ಕಟ್ಟಿಕೊಂಡು ಏನು ಮಾಡುವುದು? 1998ರಲ್ಲಿ ಆ ದೇಶದ ಜಿಡಿಪಿ ಸುಮಾರು 13% ಕುಸಿಯಿತು.

2013ರಲ್ಲಿ ನಮಗೂ ಏಟು ಬಿತ್ತು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಾಂಡ್ ಖರೀದಿ ತಗ್ಗಿಸುವ ಸುಳಿವು ಕೊಟ್ಟದ್ದೇ ತಡ, ವಿದೇಶಿ ಹಣ ಹೊರಹೋಗಿ ಮೇ ತಿಂಗಳಲ್ಲಿ 55ರ ಆಸುಪಾಸಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಆದರೆ ನಮ್ಮ ಸರ್ಕಾರದ ಸಾಲ ಬಹುಪಾಲು ರೂಪಾಯಿಯದ್ದು, ಕೊಟ್ಟವರೂ ಹೆಚ್ಚಾಗಿ ಇಲ್ಲಿನ ಬ್ಯಾಂಕು, ಎಲ್‌ಐಸಿಯಂಥವರೇ. ನೋವಾಯಿತು, ದಿವಾಳಿಯಾಗಲಿಲ್ಲ.

ಹಾಗಂತ ಡಾಲರ್ ಸಾಲವೆಲ್ಲ ವಿಷವಲ್ಲ. ಪೀಣ್ಯದಲ್ಲಿ ಬಿಡಿಭಾಗ ಮಾಡಿ ಜರ್ಮನಿಗೋ ಅಮೆರಿಕಕ್ಕೋ ಕಳಿಸುವವನಿಗೆ ವಸೂಲಿಯೂ ಡಾಲರಿನಲ್ಲೇ ಆದರೆ ಕಂತು ಭಾರವಾಗದು. ಅದೇ ಸಾಲ ಮಾಡಿ ವೈಟ್‌ಫೀಲ್ಡಿನಲ್ಲಿ ಮಾಲ್ ಕಟ್ಟಿ ರೂಪಾಯಿ ಬಾಡಿಗೆ ಎಣಿಸುವವನ ಲೆಕ್ಕ ಜಕಾರ್ತದ ಬಿಲ್ಡರಿನದ್ದೇ.

ಒಂದು ದೇಶದ ಸ್ಥಿತಿ ತಿಳಿಯಲು ನಾನು ಒಟ್ಟು ಸಾಲಕ್ಕಿಂತ ಮೊದಲು ನೋಡುವುದು ಮುಂದಿನ ಒಂದು ವರ್ಷದಲ್ಲಿ ಹೊರಗಿನವರಿಗೆ ತೀರಿಸಬೇಕಾದದ್ದು ಎಷ್ಟು, ಕೈಯಲ್ಲಿರುವ ವಿದೇಶಿ ವಿನಿಮಯ ಮೀಸಲು ಎಷ್ಟು ಎಂಬುದನ್ನು. ದೀರ್ಘಾವಧಿ ಸಾಲದಲ್ಲಿ ಈ ವರ್ಷವೇ ಗಡುವು ಮುಗಿಯುವ ಭಾಗವನ್ನೂ ಅದಕ್ಕೆ ಸೇರಿಸಬೇಕು. 1997ರ ನಡುವಿನಲ್ಲಿ ಇಂಡೊನೇಷ್ಯಾ ವಿದೇಶಿ ಬ್ಯಾಂಕುಗಳಿಗೆ ಕೊಡಬೇಕಿದ್ದ ಅಲ್ಪಾವಧಿ ಸಾಲವೊಂದೇ ಅದರ ಮೀಸಲಿನ ಒಂದೂವರೆ ಪಟ್ಟು ಮೀರಿತ್ತು.